ಪೆಲ್ಟಿಯರ್ ಪೆಟ್ಟಿಗೆ: 12 ವೋಲ್ಟ್ ಬಿಟ್ಟು 8ಕ್ಕೆ ಇಳಿದಿದ್ದು

ಬೇಸಿಗೆಯಲ್ಲಿ ನೀರಿನ ಬಾಟಲಿ ತಣ್ಣಗಿಡಲು ಒಂದು ಥರ್ಮೋಕೋಲ್ ಪೆಟ್ಟಿಗೆಗೆ ಪೆಲ್ಟಿಯರ್ ಬಿಲ್ಲೆ TEC1-12706 ಕೂರಿಸಿದೆ. ಕರೆಂಟ್ ಕೊಟ್ಟರೆ ಇದು ಒಂದು ಮೈಯಿಂದ ಶಾಖ ಎತ್ತಿ ಇನ್ನೊಂದು ಮೈಗೆ ಸಾಗಿಸುತ್ತದೆ. 12 ವೋಲ್ಟ್ ಕೊಟ್ಟ ತಕ್ಷಣ ಒಂದು ಮೈ ಮಂಜಿನಂತೆ ತಣ್ಣಗಾಯಿತು. ಖುಷಿ ಹತ್ತು ನಿಮಿಷವೂ ಉಳಿಯಲಿಲ್ಲ. ಬಿಸಿ ಮೈಗೆ ಹಾಕಿದ್ದ ಹೀಟ್‌ಸಿಂಕ್ ಪುಟ್ಟದು, ಫ್ಯಾನ್ ಇರಲಿಲ್ಲ. ಅದು ಕೈ ಇಡಲಾರದಷ್ಟು ಕಾಯಿತು, ತಣ್ಣನೆಯ ಮೈಯೂ ಬೆಚ್ಚಗಾಯಿತು.

ಬಿಲ್ಲೆಯೊಳಗೆ ಬಿಸ್ಮತ್ ಟೆಲ್ಯುರೈಡ್‌ನ 127 ಜೋಡಿ ಕಾಲುಗಳಿವೆ, ಒಂದು ಎನ್ ಬಗೆ, ಒಂದು ಪಿ ಬಗೆ. ತಾಮ್ರದಿಂದ ಎನ್ ಕಾಲಿಗೆ ಹತ್ತುವ ಎಲೆಕ್ಟ್ರಾನ್‌ಗೆ ಜಾಸ್ತಿ ಶಕ್ತಿ ಬೇಕು. ಅದನ್ನು ಅಲ್ಲಿನ ಶಾಖದಿಂದಲೇ ಕಿತ್ತುಕೊಳ್ಳುತ್ತದೆ, ಆ ಕಡೆ ಇಳಿಯುವಾಗ ಬಿಟ್ಟುಕೊಡುತ್ತದೆ. ಪಿ ಕಾಲಿನಲ್ಲಿ ಹೋಲ್‌ಗಳು, ಅಂದರೆ ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳು, ಇದೇ ಕೆಲಸ ಮಾಡುತ್ತವೆ. ಕರೆಂಟ್ ಒಂದರಲ್ಲಿ ಮೇಲಕ್ಕೆ, ಇನ್ನೊಂದರಲ್ಲಿ ಕೆಳಕ್ಕೆ ಹೋದರೂ ಶಾಖ ಮಾತ್ರ ಒಂದೇ ಕಡೆಗೆ ಸಾಗುತ್ತದೆ. ವೈರ್ ಅದಲುಬದಲು ಮಾಡಿದರೆ ಬಿಸಿ ಮೈ ತಣ್ಣಗಾಗುತ್ತದೆ.

ಹಾಗಾದರೆ ನಷ್ಟ ಎಲ್ಲಿ? ಲೆಕ್ಕ ಹೀಗೆ:

```
Qc = α·I·Tc − ½·I²·R − K·ΔT
P  = α·I·ΔT + I²·R
```

Qc ಕೈಗೆ ಸಿಗುವ ತಂಪು, P ಖರ್ಚಾಗುವ ವಿದ್ಯುತ್. I ಕರೆಂಟ್, R ರೆಸಿಸ್ಟೆನ್ಸ್, Tc ತಣ್ಣನೆಯ ಮೈಯ ಉಷ್ಣಾಂಶ ಕೆಲ್ವಿನ್‌ನಲ್ಲಿ, ΔT ಎರಡು ಮೈಗಳ ಉಷ್ಣಾಂಶದ ಅಂತರ. α ಮತ್ತು K ಬಿಲ್ಲೆಯ ಗುಣಗಳು: α ಶಾಖ ಎತ್ತುವ ಬಲ, K ಶಾಖ ಹರಿಯಬಿಡುವ ಗುಣ. Qc ಸಾಲಿನಲ್ಲಿ ಮೊದಲನೆಯದು ಎತ್ತಿದ ಶಾಖ. ಎರಡನೆಯದು ಕರೆಂಟ್ ತಾನೇ ಹುಟ್ಟಿಸುವ ಬಿಸಿ. ಅದರಲ್ಲಿ ಅರ್ಧ ತಣ್ಣನೆಯ ಮೈಗೇ ಬರುತ್ತದೆ. ಮೂರನೆಯದು ಬಿಸಿ ಮೈಯಿಂದ ಕಾಲುಗಳ ಮೂಲಕ ವಾಪಸ್ ಹರಿಯುವ ಶಾಖ. ಎರಡು ಮೈಗಳ ನಡುವೆ ಇರುವುದು ಕೆಲವೇ ಮಿಲಿಮೀಟರ್ ಅಲ್ವಾ! ಕಾಲು ಉದ್ದ ಮಾಡಿದರೆ ವಾಪಸ್ ಹರಿವು ಇಳಿಯುತ್ತದೆ, ಆದರೆ ರೆಸಿಸ್ಟೆನ್ಸ್ ಏರುತ್ತದೆ. ವಿದ್ಯುತ್ತನ್ನು ಚೆನ್ನಾಗಿ ಬಿಟ್ಟು ಶಾಖವನ್ನು ತಡೆಯುವ ವಸ್ತು ಬೇಕು. ವಿದ್ಯುತ್ ಒಯ್ಯುವ ಎಲೆಕ್ಟ್ರಾನ್‌ಗಳೇ ಶಾಖವನ್ನೂ ಒಯ್ಯುವುದರಿಂದ ಅಂಥದ್ದು ಸಿಗುವುದು ಕಷ್ಟ.

ನಂತರ ಫ್ಯಾನ್ ಇರುವ ದೊಡ್ಡ ಹೀಟ್‌ಸಿಂಕ್ ಹಾಕಿದೆ. ಕೋಣೆ 32 ಡಿಗ್ರಿ. ನನ್ನ ಬಿಲ್ಲೆಗೆ ಸುಮಾರು α = 0.05, R = 2 ಓಮ್, K = 0.5 ಎಂದು ಹಿಡಿದೆ. 12 ವೋಲ್ಟ್‌ನಲ್ಲಿ 4.5 ಆಂಪ್ಸ್ ಹರಿದು ತಣ್ಣನೆಯ ಮೈ 10 ಡಿಗ್ರಿಗೆ, ಬಿಸಿ ಮೈ 66ಕ್ಕೆ ನಿಂತಿತು. ಎತ್ತಿದ್ದು 64 ವ್ಯಾಟ್, ಅದರಲ್ಲಿ 20 ಕರೆಂಟಿನ ಬಿಸಿಗೆ, 28 ವಾಪಸ್ ಹರಿವಿಗೆ ಹೋಯಿತು. ಕೈಗೆ ಉಳಿದಿದ್ದು 15-16, ಖರ್ಚು 53. ಅಂದರೆ ಖರ್ಚಿನ ಪ್ರತಿ ವ್ಯಾಟ್‌ಗೆ ಸಿಕ್ಕ ತಂಪು, ಸಿಒಪಿ, 0.3.

ಬಕ್ ಕನ್ವರ್ಟರ್‌ನಿಂದ 8 ವೋಲ್ಟ್‌ಗೆ ಇಳಿಸಿದೆ. 3 ಆಂಪ್ಸ್, ಬಿಸಿ ಮೈ 51 ಡಿಗ್ರಿ. 24 ವ್ಯಾಟ್ ಖರ್ಚಿಗೆ 14 ವ್ಯಾಟ್ ತಂಪು, ಸಿಒಪಿ 0.6. ತಣ್ಣನೆಯ ಮೈ 12ಕ್ಕೆ ನಿಂತಿತು. ಎರಡು ಡಿಗ್ರಿಗಾಗಿ ಸುಮ್ನೆ ಎರಡು ಪಟ್ಟಿಗಿಂತ ಜಾಸ್ತಿ ವಿದ್ಯುತ್ ಸುಡುತ್ತಿದ್ದೆ!

12 ವೋಲ್ಟನ್ನೇ ಬೇಗ ಬೇಗ ಆನ್-ಆಫ್ ಮಾಡುವ ಪಿಡಬ್ಲ್ಯೂಎಂನಿಂದ ಇಳಿಸಿದರೆ ಈ ಲಾಭ ಸಿಗುವುದಿಲ್ಲ. ಆನ್ ಇದ್ದಾಗ ಪೂರ್ತಿ ಕರೆಂಟಿನ ಬಿಸಿ, ಆಫ್ ಆದಾಗ ಶಾಖ ಸುಮ್ಮನೆ ವಾಪಸ್ ಹರಿಯುತ್ತದೆ.