ಪರದೇಶದ ಮೊಮ್ಮಕ್ಕಳಿಗೆ ಎಳ್ಳಮಾಸಿ ಕಾಗದ ಬರೆಯುವುದು ಹೇಗೆ?

ಮೊಮ್ಮಕ್ಕಳಿಗೆ ಕಾಗದ ಬರೆಯಲು ಕೂತ ಆಯಿ ಸಾಮಾನ್ಯವಾಗಿ ಎಲ್ಲವನ್ನೂ ಒಂದೇ ಸಲ ಹೇಳಲು ಹೊರಡುತ್ತಾಳೆ. ಹಿರಿಯರಿಗೆ ನಮಸ್ಕಾರ ಮಾಡ್ರಿ, ಕನ್ನಡ ಮರೀಬ್ಯಾಡ್ರಿ, ಹಬ್ಬ ಬಿಡಬ್ಯಾಡ್ರಿ. ಡಲ್ಲಾಸ್‌ನಲ್ಲಿರುವ ಹತ್ತು ವರ್ಷದ ಹುಡುಗ ಇದನ್ನು ಓದಿ ಮಾಡುವುದಾದರೂ ಏನು? ಅದಕ್ಕೇ ಒಂದೇ ಹಬ್ಬ ಹಿಡಿಯಿರಿ. ಕಲಬುರಗಿ ಸೀಮೆಯವರಿಗೆ ಎಳ್ಳಮಾಸಿ ಸಾಕು: ಅದರಲ್ಲಿ ಹೊಲ ಇದೆ, ಅಡುಗೆ ಇದೆ, ಬೆಳೆಗೆ ಎಡೆ ಚೆಲ್ಲುವ ಚರಗ ಇದೆ.

ಮೊದಲು ತಾರೀಖು. ಇದು ಮಾರ್ಗಶಿರದ ಅಮಾವಾಸ್ಯೆ. 2024ರಲ್ಲಿ ಡಿಸೆಂಬರ್ 30ಕ್ಕೆ ಬಂದಿತ್ತು, 2025ರಲ್ಲಿ ಡಿಸೆಂಬರ್ 19ಕ್ಕೆ. ಪ್ರತಿ ವರ್ಷ ಸರಿಯುವುದರಿಂದ ಕಾಗದದ ತಲೆಯಲ್ಲೇ ಆ ವರ್ಷದ ದಿನ ಬರೆಯಿರಿ. ಅಂದು ಸಾಲಿ ಇದ್ದರೆ ಮುಂದಿನ ಭಾನುವಾರ ಮಾಡಿರೆಂದು ಆಯಿಯೇ ಅಪ್ಪಣೆ ಕೊಟ್ಟುಬಿಡಲಿ. ಇಲ್ಲವಾದರೆ ಅಲ್ಲಿ ತಾಯಿ-ತಂದೆ ತಿಥಿಯ ಲೆಕ್ಕದಲ್ಲೇ ಕೂತು ಹಬ್ಬ ಕಳೆದುಹೋಗುತ್ತದೆ.

ಎರಡನೆಯದು ಭಜ್ಜಿ, ಅಂದರೆ ಹಸಿ ಕಾಳು, ತಪ್ಪಲು ಕೂಡಿಸಿ ಕುದಿಸುವ ಹಬ್ಬದ ಪಲ್ಯ. ಕಾಗದದ ಅರ್ಧ ಭಾಗ ಇದಕ್ಕೇ ಹೋಗಲಿ. ಆಯಿಯ ಅಳತೆಯೆಲ್ಲ ಹಿಡಿ, ಚಿಟಿಕೆ, ಕಣ್ಣಂದಾಜು. ಬರೆಯುವ ಮುಂಚೆ ಒಮ್ಮೆ ಮನೆಯಲ್ಲಿ ಭಜ್ಜಿ ಮಾಡಿಸಿ. ಅವರು ಪಾತ್ರೆಗೆ ಹಾಕುವ ಮೊದಲು ಒಬ್ಬರು ಕಪ್ಪಿನಲ್ಲಿ ಅಳೆದು ಬರೆದುಕೊಳ್ಳಿ. ಆಮೇಲೆ ಆಯಿ ಹೇಳಿದ ಹಾಗೇ, ಅವರ ಮಾತಿನಲ್ಲೇ ಇಳಿಸಿ. ನಾಲ್ಕು ಮಂದಿಗೆ ಲೆಕ್ಕ ಹಾಕಿದರೆ ಹೀಗೆ ಬರುತ್ತದೆ:

"ತಮ್ಮಾ, ತಂಗೀ, ಒಂದು ಕಪ್ಪು ಹಸಿ ತೊಗರಿಕಾಳು, ಅರ್ಧ ಕಪ್ಪು ಹಸಿ ಕಡಲಿ, ಅರ್ಧ ಕಪ್ಪು ನೆನಸಿದ ಶೇಂಗಾ ತಗೋರಿ. ಮೆಂತ್ಯ, ಪಾಲಕ, ಉಳ್ಳಾಗಡ್ಡಿ ತಪ್ಪಲ ಕೂಡಿ ನಾಕು ಕಪ್ಪು, ಬದನಿಕಾಯಿ, ಗಜ್ಜರಿ ಎರಡು ಕಪ್ಪು. ಮೊದಲು ಶೇಂಗಾ ಕುದಿಸ್ರಿ, ಆಮ್ಯಾಲ ಕಾಳು, ಕಡೀಕ ತಪ್ಪಲ. ಕಾಳು ಬೆರಳಾಗ ಹಿಚುಕಿದ್ರ ಒಡೀಬೇಕು. ಅಲ್ಲೀತನಕ ಹುಣಸಿ ಹಾಕಬ್ಯಾಡ್ರಿ, ಹುಳಿ ಬಿದ್ದ ಕಾಳು ಮೆತ್ತಗಾಗಂಗಿಲ್ಲ. ಎಂಟು ಹಸಿ ಮೆಣಸಿನಕಾಯಿ, ಹತ್ತು ಎಸಳು ಬಳ್ಳೊಳ್ಳಿ ಅರೆದು ಹಾಕ್ರಿ. ಅಲ್ಲಿ ನಿಮಗ ಖಾರ ಆಗ್ತದಂದ್ರ ನಾಕು ಸಾಕು. ಕಾಲು ಕಪ್ಪು ಕಡಲಿ ಹಿಟ್ಟು ತಣ್ಣೀರಾಗ ಕಲಸಿ, ಉರಿ ಸಣ್ಣ ಮಾಡಿ ಸುರೀರಿ. ಬಿಸಿ ನೀರಾಗ ಕಲಸಿದ್ರ ಗಂಟು ಬೀಳ್ತಾವ. ಹಸಿ ವಾಸನಿ ಹೋಗೋತನಕ ಕೈ ಬಿಡದ ತಿರುವ್ರಿ."

ಈಗ ಅಲ್ಲಿಯ ಅಂಗಡಿಯ ಮಾತು. ಡಿಸೆಂಬರ್‌ನಲ್ಲಿ ನಮ್ಮ ಎರಿ ಹೊಲದಲ್ಲಿ ತೊಗರಿ, ಕಡಲಿ ಎರಡೂ ಇರುತ್ತವೆ. ಅವರಿಗೆ ಅದು ಭಾರತೀಯ ಅಂಗಡಿಯ ಫ್ರೀಜರಿನಲ್ಲಿ ಇರುತ್ತದೆ. ಹಸಿ ತೊಗರಿಕಾಳನ್ನು 'ತುವರ್ ಲಿಲ್ವಾ' ಎಂಬ ಗುಜರಾತಿ ಹೆಸರಿನಲ್ಲಿ ಮಾರುತ್ತಾರೆ, ಈ ಹೆಸರನ್ನು ಕಾಗದದಲ್ಲಿ ಬರೆಯಲೇಬೇಕು. ಸಿಗದಿದ್ದರೆ ಬಟಾಣಿ ನಡೆಯುತ್ತದೆ, ರುಚಿ ಕೊಂಚ ಸಿಹಿಯಾಗುತ್ತದೆ ಅಷ್ಟೇ. ಭಜ್ಜಿಯ ಜೊತೆಗಿನ ಎಳ್ಳು ಹಚ್ಚಿದ ರೊಟ್ಟಿಗೆ ಬೇಕಾದ ಸಜ್ಜಿ ಹಿಟ್ಟಿನದು ಬೇರೆ ತೊಂದರೆ. ಅದರಲ್ಲಿ ಎಣ್ಣೆಯಂಶ ಇರುವುದರಿಂದ ಬಹಳ ದಿನ ಇಟ್ಟರೆ ಕಹಿಯಾಗುತ್ತದೆ. ಪೊಟ್ಟಣ ಬಿಚ್ಚಿದ ಕೂಡಲೇ ಒಂದು ಚಿಟಿಕೆ ನಾಲಿಗೆಗೆ ಹಚ್ಚಿ ನೋಡಬೇಕು. ಕಹಿ ಇದ್ದರೆ ಎಳ್ಳು ಎಷ್ಟು ಹಚ್ಚಿದರೂ ರೊಟ್ಟಿ ಕೆಟ್ಟಂತೆಯೇ. ಹಿಟ್ಟು ಚೆನ್ನಾಗಿದ್ದೂ ರೊಟ್ಟಿ ಅಂಚಿನಲ್ಲಿ ಸೀಳುತ್ತಿದ್ದರೆ ಕುದಿಯುವ ನೀರಿನಲ್ಲಿ ಕಲಸಿ, ಒಂದು ರೊಟ್ಟಿಗೆ ಬೇಕಾದಷ್ಟನ್ನೇ ಆಗಾಗ ನಾದಿಕೊಳ್ಳಬೇಕು.

ಮೂರನೆಯದು ಚರಗ. ಇಲ್ಲಿ ಆಯಂದಿರು 'ನಮ್ಮ ಸಂಸ್ಕೃತಿ' ಎಂದು ಉಪದೇಶಕ್ಕೆ ಇಳಿಯುವ ಅಪಾಯವಿದೆ. ಮಾಡುವುದನ್ನಷ್ಟೇ ಹೇಳಿದರೆ ಮಕ್ಕಳಿಗೆ ತಿಳಿಯುತ್ತದೆ. ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸುತ್ತೇವೆ, ಎಡೆ ಹಿಡಿದು ಬೆಳೆಯ ಸುತ್ತ ನಡೆಯುತ್ತೇವೆ, ಒಬ್ಬರು ಕೂಗುತ್ತ ಅನ್ನ ಚೆಲ್ಲಿದರೆ ಹಿಂದಿನವರು ನೀರು ಚಿಮುಕಿಸುತ್ತಾರೆ. ಮಣ್ಣಿಗೆ, ಹಕ್ಕಿಗೆ, ಇರುವೆಗೆ ಮೊದಲು. ನಾವು ಉಣ್ಣುವುದು ಆಮೇಲೆ. ದಾರಿಯಲ್ಲಿ ಹೋಗುವವರನ್ನೂ ಕರೆದು ಕೂಡಿಸುತ್ತೇವೆ, ಯಾರೆಂದು ಕೇಳುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಬಾಲ್ಕನಿಯ ಕುಂಡಕ್ಕೆ ರೊಟ್ಟಿಯ ಚೂರು ಹಾಕಿ ನೀರು ಚಿಮುಕಿಸಿದರೆ ಸಾಕು, ಉಪ್ಪು-ಖಾರದ ಭಜ್ಜಿ ಗಿಡಕ್ಕೆ ಬೇಡ. ಪಾರ್ಕಿನಲ್ಲಿ ಹಕ್ಕಿಗೆ ತಿನಿಸು ಹಾಕಿದರೆ ಕೆಲವು ಊರುಗಳಲ್ಲಿ ದಂಡ ಬೀಳುತ್ತದೆ, ಅದನ್ನೂ ಹೇಳಿ. ಆಮೇಲೆ ಪಕ್ಕದ ಮನೆಯವರನ್ನು ಊಟಕ್ಕೆ ಕರೆಯಲಿ.

ಚರಗದ ಕೂಗು ಊರೂರಿಗೆ ಬೇರೆ, ಅದು ಬರಹದಲ್ಲಿ ಹಿಡಿಯುವುದಿಲ್ಲ. ಆಯಿಯ ದನಿಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿ, 'ಕೂಗು ವಾಟ್ಸಾಪಿನಾಗ ಅದ' ಎಂದು ಕಾಗದದಲ್ಲಿ ಬರೆಯಿರಿ. ಮಕ್ಕಳಿಗೆ ಕನ್ನಡ ಓದಲು ಬಾರದಿದ್ದರೆ ಇಡೀ ಕಾಗದವನ್ನೂ ಹೀಗೇ ಓದಿಸಿ.

ಕೊನೆಗೆ ಲಕೋಟೆ. ನೆನಪಿಗಿರಲಿ ಎಂದು ನಾಲ್ಕು ಜೋಳದ ಕಾಳೋ, ಎಳ್ಳೋ ಒಳಗೆ ಹಾಕುವ ಆಸೆ ಎಲ್ಲ ಆಯಂದಿರಿಗೂ ಇರುತ್ತದೆ. ಬೇಡ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಬೀಜಕ್ಕೆ ಬಿಗಿ ನಿಯಮವಿದೆ. ತಪಾಸಣೆಯಲ್ಲಿ ಸಿಕ್ಕಿದರೆ ಕಾಗದವೂ ಅಲ್ಲೇ ಉಳಿಯಬಹುದು. ಬದಲಿಗೆ ಹೊಲದ ಫೋಟೊ ಇಡಿ, ಹಿಂದೆ ಯಾರು ಯಾರೆಂದು ಬರೆಯಿರಿ. ನವೆಂಬರ್ ಮೊದಲ ವಾರವೇ ಅಂಚೆಗೆ ಹಾಕಿ. ತಡವಾದರೆ ಪ್ರತಿ ಪುಟದ ಫೋಟೊ ತೆಗೆದು ಕಳಿಸಿ, ಕಾಗದ ಹಿಂದಿನಿಂದ ತಲುಪಲಿ.