ಊರಿಗೆ ಹೊರಡುವ ಮುನ್ನ ರೋಮಿಂಗ್ ಪ್ಯಾಕ್‌ನ ಆಟೋಪೇ ನಿಲ್ಲಿಸುವುದು ಹೇಗೆ?

ಪ್ರೀಪೇಯ್ಡ್ ಸಿಮ್ ಅಂದ್ರೆ ಬಿಲ್ ಬರೋದಿಲ್ಲ, ಹಾಕಿದ ದುಡ್ಡಷ್ಟೇ ಖರ್ಚು ಎಂದು ನಾವೆಲ್ಲ ನಂಬಿದ್ದೇವೆ. ಆದರೆ ವಿದೇಶ ಪ್ರವಾಸಕ್ಕೆಂದು ರೋಮಿಂಗ್ ಪ್ಯಾಕ್ ಕೊಳ್ಳುವಾಗ ಆಟೋ ರಿನ್ಯೂವಲ್‌ಗೆ ಒಪ್ಪಿಬಿಟ್ಟರೆ, ನೀವು ದಾವಣಗೆರೆಗೆ ವಾಪಸ್ ಬಂದ ಮೇಲೂ ಬ್ಯಾಂಕ್ ಖಾತೆಯಿಂದ ಹಣ ಕಡಿತವಾಗಬಹುದು.

ಒಂದು ಉದಾಹರಣೆ ನೋಡೋಣ. ವಿದ್ಯಾನಗರದ ತಾಯಿಯೊಬ್ಬರು 4ನೇ ತಾರೀಕು ದುಬೈನ ಮಗನ ಮನೆಗೆ ಹೋಗಿದ್ದಾರೆ ಎಂದಿಟ್ಟುಕೊಳ್ಳಿ. ಸುಮಾರು 900 ರೂಪಾಯಿಯ 10 ದಿನದ ಪ್ಯಾಕ್ ಹಾಕಿಸಿದ್ದಾರೆ. ಅದು ಮುಗಿಯುವುದು 13ಕ್ಕೆ, ಅವರ ವಿಮಾನ 15ಕ್ಕೆ. ಸುಮ್ನೆ ಬಿಟ್ಟರೆ ಉಳಿದ ಎರಡು ದಿನಕ್ಕಾಗಿ ಇನ್ನೊಂದು 900 ಹೋಗುತ್ತದೆ. ಆ ಎರಡು ದಿನ ಮಗನ ಮನೆಯ ವೈಫೈ ಸಾಕು. ಬೇಕೇ ಬೇಕು ಅಂದ್ರೆ ಒಂದು ದಿನದ ಪ್ಯಾಕನ್ನು ಬೇರೆಯಾಗಿ ಹಾಕಿಸಬಹುದು.

ಮೊದಲು ಮೊಬೈಲ್ ಕಂಪನಿಯ ಆ್ಯಪ್ ತೆರೆದು ಪ್ಯಾಕ್ ಮುಗಿಯುವ ದಿನ ಮತ್ತು ಸಮಯ ನೋಡಿ. ಆ ಸಮಯ ಭಾರತದ್ದೋ, ಹೋದ ದೇಶದ್ದೋ ಎಂಬುದನ್ನೂ ಕೇಳಿ ತಿಳಿದುಕೊಳ್ಳಿ. ನಮ್ಮ ರಾತ್ರಿ 12 ಗಂಟೆ ದುಬೈನಲ್ಲಿ ಇನ್ನೂ ಹತ್ತೂವರೆ. ಬೇಸಿಗೆಯ ನ್ಯೂಯಾರ್ಕ್‌ನಲ್ಲಾದರೆ ಮಧ್ಯಾಹ್ನ ಎರಡೂವರೆ! ಹಾಗಾಗಿ ಕೊನೆಯ ದಿನದವರೆಗೆ ಕಾಯಬೇಡಿ, ಎರಡು ದಿನ ಮೊದಲೇ ಕೆಲಸ ಮುಗಿಸಿ. ಈ ತಾಯಿಯ ಲೆಕ್ಕದಲ್ಲಿ ಅದು 11ನೇ ತಾರೀಕು. ಅದೇ ಆ್ಯಪ್‌ನಲ್ಲಿ ಪ್ಯಾಕ್‌ನ ವಿವರದೊಳಗೆ ಆಟೋ ರಿನ್ಯೂ ಬಟನ್ ಇದ್ದರೆ ಆಫ್ ಮಾಡಿ.

ಅಷ್ಟಕ್ಕೇ ನಿಲ್ಲಿಸಬೇಡಿ. ದುಡ್ಡು ಹೋಗುವ ದಾರಿ ಯುಪಿಐ ಆ್ಯಪ್‌ನಲ್ಲಿದೆ. ಪ್ಯಾಕ್‌ಗೆ ಹಣ ಕೊಟ್ಟ ಯುಪಿಐ ಆ್ಯಪ್‌ನಲ್ಲಿ ನಿಮ್ಮ ಪ್ರೊಫೈಲ್ ಒತ್ತಿ, Autopay ಎಂಬುದನ್ನು ತೆರೆಯಿರಿ. ಯಾರಿಗೆಲ್ಲ ತಾನಾಗೇ ಹಣ ಕೊಡಲು ಒಪ್ಪಿದ್ದೀರಿ ಎಂಬ ಪಟ್ಟಿ ಅಲ್ಲಿರುತ್ತದೆ.

ಎಡವುವುದು ಇಲ್ಲೇ. ನಿಮ್ಮ ಮಾಮೂಲಿ 84 ದಿನದ ರೀಚಾರ್ಜ್ ಕೂಡ ಆಟೋಪೇಯಲ್ಲಿದ್ದರೆ, ಒಂದೇ ಕಂಪನಿಯ ಹೆಸರು ಎರಡು ಸಲ ಕಾಣುತ್ತದೆ. ಹೆಸರು ನೋಡಿ ಯಾವುದೋ ಒಂದನ್ನು ತೆಗೆದರೆ ಊರಿನ ರೀಚಾರ್ಜೇ ನಿಂತುಹೋಗಬಹುದು. ನಡುರಾತ್ರಿ ಬೆಂಗಳೂರಲ್ಲಿ ಇಳಿದು, ದಾವಣಗೆರೆ ಬಸ್ಸಿಗೆ ಮೆಜೆಸ್ಟಿಕ್‌ಗೆ ಹೋಗಬೇಕು ಅನ್ನುವಾಗ ಫೋನಿನಲ್ಲಿ ಇಂಟರ್ನೆಟ್ ಇಲ್ಲ ಅಂದ್ರೆ ಕಷ್ಟ, ಅಲ್ವಾ? ಮೊತ್ತ ಮತ್ತು ಶುರುವಾದ ತಾರೀಕು ಎರಡನ್ನೂ ನೋಡಿ. ಪ್ರವಾಸದ ಹೊತ್ತಿಗೆ ಶುರುವಾಗಿ, ಪ್ಯಾಕ್‌ನ ಬೆಲೆಗೆ ಹೊಂದುವುದೇ ರೋಮಿಂಗ್‌ನದು. ಅದನ್ನು ತೆರೆದು Cancel ಅಥವಾ Revoke ಒತ್ತಿ, ಯುಪಿಐ ಪಿನ್ ಕೇಳಿದರೆ ಕೊಡಿ. Pause ಒತ್ತಿದರೆ ತಾತ್ಕಾಲಿಕ ತಡೆ ಮಾತ್ರ. ರದ್ದಾಗಿದೆ ಎಂದು ತೋರಿಸುವ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಇದೆಲ್ಲ ಮುಗಿಯುವವರೆಗೆ ಊರಿನ ಸಿಮ್ ಫೋನಿನಲ್ಲೇ ಇರಲಿ. ಅದನ್ನು ತೆಗೆದು ಅಲ್ಲಿನ ಸಿಮ್ ಹಾಕಿದರೆ ಯುಪಿಐ ಆ್ಯಪ್ ಮತ್ತೆ ನಂಬರ್ ಪರಿಶೀಲಿಸಲು ಕೇಳಬಹುದು. ಆಗ ಊರಿನ ನಂಬರಿನಿಂದಲೇ ಎಸ್ಎಂಎಸ್ ಹೋಗಬೇಕಾಗುತ್ತದೆ.

ಆಟೋಪೇ ರದ್ದಾದರೂ ಈಗಾಗಲೇ ದುಡ್ಡು ಕೊಟ್ಟ ಪ್ಯಾಕ್ ಕೊನೆಯ ದಿನದವರೆಗೆ ನಡೆಯುತ್ತದೆ, ಹೆದರಬೇಡಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡೇಟಾ ರೋಮಿಂಗ್ ಆಫ್ ಮಾಡಿದರೂ, ಆ್ಯಪ್ ಡಿಲೀಟ್ ಮಾಡಿದರೂ ರಿನ್ಯೂವಲ್ ಮಾತ್ರ ನಿಲ್ಲುವುದಿಲ್ಲ. ಆದರೂ ಪ್ಯಾಕ್ ಮುಗಿದ ಕೂಡಲೇ ಡೇಟಾ ರೋಮಿಂಗ್ ಆಫ್ ಮಾಡಲೇಬೇಕು. ಇಲ್ಲದಿದ್ದರೆ ಮುಖ್ಯ ಬ್ಯಾಲೆನ್ಸ್‌ನಲ್ಲಿ ಉಳಿದ ಹಣ ದುಬಾರಿ ದರದಲ್ಲಿ ಕರಗಬಹುದು.

ಕಾರ್ಡಿನಿಂದ ಕೊಂಡಿದ್ದರೆ ಯುಪಿಐ ಪಟ್ಟಿಯಲ್ಲಿ ಏನೂ ಸಿಗುವುದಿಲ್ಲ. ಕಾರ್ಡ್ ಕೊಟ್ಟ ಬ್ಯಾಂಕಿನ ಆ್ಯಪ್ ಅಥವಾ ವೆಬ್‌ಸೈಟಿನಲ್ಲಿ ಇ-ಮ್ಯಾಂಡೇಟ್, ಅಂದ್ರೆ ತಾನಾಗೇ ಹಣ ಕಡಿತಕ್ಕೆ ಕೊಟ್ಟ ಒಪ್ಪಿಗೆಗಳ ಪಟ್ಟಿ ಹುಡುಕಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕು. ಎಲ್ಲ ರದ್ದು ಮಾಡಿದ ಮೇಲೂ ಆ ಸೂಚನೆ ಬಂತು ಅಂದ್ರೆ ಎಲ್ಲೋ ಒಂದು ಕಡೆ ಇನ್ನೂ ಚಾಲೂ ಇದೆ ಎಂದರ್ಥ. ತಕ್ಷಣ ಪಟ್ಟಿಗಳನ್ನು ಮತ್ತೆ ತೆರೆದು ನೋಡಿ.

ಹಣ ಹೋಗೇಬಿಟ್ಟರೆ 198ಕ್ಕೆ ಕರೆ ಮಾಡಿ ದೂರು ಕೊಡಿ. ಇಂಥ ಕಿರು ನಂಬರುಗಳನ್ನು ವಿದೇಶದಲ್ಲಿ ನೆಚ್ಚಿಕೊಳ್ಳುವ ಹಾಗಿಲ್ಲ. ಅದಕ್ಕೇ +91 ಇಂದ ಶುರುವಾಗುವ ಕಂಪನಿಯ ರೋಮಿಂಗ್ ಸಹಾಯವಾಣಿಯನ್ನು ವಿದೇಶಕ್ಕೆ ಹೊರಡುವ ಮೊದಲೇ ಸೇವ್ ಮಾಡಿಕೊಳ್ಳಿ. ದೂರಿಗೆ ಕೊಟ್ಟ ಡಾಕೆಟ್ ನಂಬರ್ ಬರೆದಿಡಿ. ಉತ್ತರ ಸರಿ ಅನಿಸದಿದ್ದರೆ ಅದೇ ನಂಬರ್ ಮತ್ತು ಸ್ಕ್ರೀನ್‌ಶಾಟ್ ಜೊತೆಗೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು.