ಗ್ರೇವಿಗೆ ಒಂದು ಕಪ್ ಟೊಮೆಟೊ ಪ್ಯೂರಿ ಎಂದರೆ ಎಷ್ಟು ಹಣ್ಣು?

ಪನೀರ್ ಗ್ರೇವಿಯ ಪಾಕವಿಧಾನವೊಂದು ಒಂದು ಕಪ್ ಹೆಚ್ಚಿದ ಈರುಳ್ಳಿ, ಒಂದು ಕಪ್ ಟೊಮೆಟೊ ಪ್ಯೂರಿ, ಒಂದು ಟೇಬಲ್ ಚಮಚ ಬೆಳ್ಳುಳ್ಳಿ ಪೇಸ್ಟ್ ಬೇಕೆಂದು ಕೇಳಿದಾಗ, ನಾನು ಮೊದಲು ನೋಡುವುದು ಅಳತೆ ಹೆಚ್ಚಿದ ಮೇಲಿನದೋ ರುಬ್ಬಿದ ಮೇಲಿನದೋ ಎಂಬುದನ್ನು. ಹೆಚ್ಚಿದ ಹೋಳುಗಳ ನಡುವೆ ಗಾಳಿ ಇರುತ್ತದೆ. ರುಬ್ಬಿದಾಗ ಆ ಜಾಗ ಮುಚ್ಚಿಹೋಗಿ, ತೂಕ ಅಷ್ಟೇ ಉಳಿದರೂ ಕಪ್ಪಿನಲ್ಲಿ ಕಡಿಮೆಯಾಗುತ್ತದೆ. ಆದ್ದರಿಂದ ನಾನು ಕಪ್ಪನ್ನು ತೂಕಕ್ಕೆ ತಿರುಗಿಸಿ, ತೂಕದಿಂದ ಹಣ್ಣಿನ ಲೆಕ್ಕಕ್ಕೆ ಬರುತ್ತೇನೆ. ಕಪ್ ಎಂದರೆ ಇಲ್ಲಿ 240 ಮಿಲಿ. ರೈಸ್ ಕುಕ್ಕರಿನ ಜೊತೆ ಬರುವ ಕಪ್ ಸಾಮಾನ್ಯವಾಗಿ 180 ಮಿಲಿಯದು, ಅದು ಈ ಲೆಕ್ಕಕ್ಕೆ ಹೊಂದುವುದಿಲ್ಲ.

ಸಣ್ಣಗೆ ಹೆಚ್ಚಿದ ಒಂದು ಕಪ್ ಟೊಮೆಟೊ ಸುಮಾರು 180 ಗ್ರಾಂ ತೂಗುತ್ತದೆ. ಅದನ್ನು ನೀರು ಹಾಕದೆ ರುಬ್ಬಿದರೆ ಸಿಗುವುದು ಮುಕ್ಕಾಲು ಕಪ್ ಮಾತ್ರ. ಒಂದು ಕಪ್ ಪ್ಯೂರಿಗೆ ಸುಮಾರು 245 ಗ್ರಾಂ, ಅಂದರೆ ನೂರು ಗ್ರಾಂ ತೂಗುವ ಎರಡೂವರೆ ಹಣ್ಣು ಬೇಕು. ಮಿಕ್ಸಿಯಿಂದ ತೆಗೆದ ಕೂಡಲೇ ಅಳೆಯಬಾರದು. ಮೇಲೆ ತೇಲುವ ತಿಳಿಗುಲಾಬಿ ನೊರೆ ಕಪ್ಪನ್ನು ತುಂಬಿಸಿ ಕಣ್ಣಿಗೆ ಮೋಸ ಮಾಡುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಅದು ಇಳಿದು ಬಣ್ಣ ಗಾಢವಾಗುತ್ತದೆ, ಆಗ ಸಿಗುವುದೇ ಸರಿಯಾದ ಅಳತೆ.

ಅಂಗಡಿಯ ಟೊಮೆಟೊ ಪೇಸ್ಟ್ ಬಳಸುವುದಾದರೆ ಒಂದಕ್ಕೆ ಒಂದರಂತೆ ಬದಲಿಸುವಂತಿಲ್ಲ. ತಾಜಾ ಹಣ್ಣಿನಲ್ಲಿ ನೂರಕ್ಕೆ ಸುಮಾರು 95 ಪಾಲು ನೀರೇ ಇರುತ್ತದೆ, ಪೇಸ್ಟಿನಲ್ಲಿ ಆ ನೀರಿನ ಬಹುಪಾಲನ್ನು ಆವಿಯಾಗಿಸಿರುತ್ತಾರೆ. ಒಂದು ಕಪ್ ಪ್ಯೂರಿಯ ಬದಲು ನಾನು ಮೂರು ಟೇಬಲ್ ಚಮಚ ಪೇಸ್ಟನ್ನು ಮುಕ್ಕಾಲು ಕಪ್ ನೀರಿನಲ್ಲಿ ಕದಡಿ ಹಾಕುತ್ತೇನೆ. ಪೇಸ್ಟ್ ಮೊದಲೇ ಬೆಂದಿರುವುದರಿಂದ ಹಸಿ ವಾಸನೆ ಹೋಗುವವರೆಗೆ ಹುರಿಯುವ ಕೆಲಸ ತಪ್ಪುತ್ತದೆ, ಆದರೆ ಹುಳಿ ಹೆಚ್ಚಿರಬಹುದು, ರುಚಿ ನೋಡಿಯೇ ಉಪ್ಪು ಹಾಕಬೇಕು.

ಹೆಚ್ಚಿದ ಒಂದು ಕಪ್ ಈರುಳ್ಳಿ ಸುಮಾರು 150 ಗ್ರಾಂ, ಅಂದರೆ ಮಧ್ಯಮ ಗಾತ್ರದ ಒಂದೂವರೆ ಗಡ್ಡೆ. ರುಬ್ಬಿದರೆ ಅದು ಅರ್ಧ ಕಪ್ಪಿಗಿಂತ ತುಸು ಹೆಚ್ಚು ಬರುತ್ತದೆ. ಹುರಿದು ರುಬ್ಬಿದ ಪೇಸ್ಟ್ ಎಂದು ಪಾಕದಲ್ಲಿದ್ದರೆ, ಕೆಂಪಗಾಗುವಷ್ಟರಲ್ಲಿ ನೀರು ಇಂಗಿಹೋಗುವುದರಿಂದ, ಹಸಿ ಈರುಳ್ಳಿಯನ್ನು ಕನಿಷ್ಠ ಎರಡರಷ್ಟು ತೆಗೆದುಕೊಳ್ಳುತ್ತೇನೆ.

ಬೆಳ್ಳುಳ್ಳಿಯಲ್ಲಿ ಎಸಳಿನ ಎಣಿಕೆಯನ್ನು ನಾನು ನಂಬುವುದೇ ಇಲ್ಲ. ಜವಾರಿ ಬೆಳ್ಳುಳ್ಳಿಯ ಎಸಳು ಒಂದೂವರೆ ಗ್ರಾಂ ಇದ್ದರೆ, ದಪ್ಪ ಎಸಳಿನದು ನಾಲ್ಕು ಗ್ರಾಂವರೆಗೂ ಇರುತ್ತದೆ. ಒಂದು ಟೇಬಲ್ ಚಮಚ ಪೇಸ್ಟಿಗೆ 15 ಗ್ರಾಂ ಬೇಕಾದ್ದರಿಂದ, ಸಿಪ್ಪೆ ಸುಲಿದ ಸಣ್ಣ ಎಸಳು ಹತ್ತು ಬೇಕಾದಲ್ಲಿ ದಪ್ಪದ್ದು ನಾಲ್ಕೇ ಸಾಕು.